ಐಡಿ ಕಾರ್ಡ್ ಪ್ರಿಂಟರ್ ಜೋಡಿಸುವುದು: ರಿಬ್ಬನ್ ಹಾಕುವ ಕ್ರಮ, ಕಾರ್ಡಿನ ಮೇಲೆ ಚಿತ್ರ ಸರಿಯಾಗಿ ಕೂರಿಸುವ ಬಗೆ

ಪ್ಲಾಸ್ಟಿಕ್ ಐಡಿ ಕಾರ್ಡ್ ಮುದ್ರಿಸಲು ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಎರಡು ಬಗೆಯ ಯಂತ್ರ ಕಾಣುತ್ತವೆ. ಒಂದು, ಎಪ್ಸನ್ ಎಲ್805ನಂಥ ಇಂಕ್‌ಜೆಟ್ ಪ್ರಿಂಟರಿಗೆ ಕಾರ್ಡ್ ಟ್ರೇ ಹಾಕಿ ಮುದ್ರಿಸುವುದು. ಇನ್ನೊಂದು, ರಿಬ್ಬನ್ನಿನಿಂದ ನೇರವಾಗಿ ಕಾರ್ಡಿನ ಮೇಲೆ ಮುದ್ರಿಸುವ ಕಾರ್ಡ್ ಪ್ರಿಂಟರ್. ಝೀಬ್ರಾ, ಇವೋಲಿಸ್, ಫಾರ್ಗೊ, ಮ್ಯಾಜಿಕಾರ್ಡ್ ಕಂಪನಿಗಳ ಚಿಕ್ಕ ಡೆಸ್ಕ್‌ಟಾಪ್ ಯಂತ್ರಗಳಲ್ಲಿ ಹೆಚ್ಚಿನವು ಈ ಎರಡನೇ ಗುಂಪಿಗೆ ಸೇರಿದವು. ಈ ಲೇಖನ ಅದರ ಬಗ್ಗೆ ಮಾತ್ರ. ಒಂದು ಬದಿ ಮುದ್ರಿಸುವ, ಯುಎಸ್‌ಬಿ ಕೇಬಲ್ಲಿನಿಂದ ವಿಂಡೋಸ್ ಕಂಪ್ಯೂಟರಿಗೆ ಜೋಡಿಸುವ ಯಂತ್ರವನ್ನು ಶಾಲೆಯೊಂದರ ಮಕ್ಕಳ ಕಾರ್ಡಿಗಾಗಿ ಸಿದ್ಧ ಮಾಡುತ್ತಿದ್ದೀರಿ ಅಂದುಕೊಳ್ಳೋಣ.

ಮೊದಲು ಒಳಗೆ ಏನು ನಡೆಯುತ್ತದೆ ನೋಡಿ

ರಿಬ್ಬನ್ ಪೆಟ್ಟಿಗೆಯ ಮೇಲೆ YMCKO ಎಂದು ಬರೆದಿರುತ್ತದೆ. ಸುರುಳಿ ಬಿಚ್ಚಿ ನೋಡಿದರೆ ಹಳದಿ, ಮಜೆಂಟಾ, ಸಯಾನ್, ಕಪ್ಪು, ಕೊನೆಗೆ ಬಣ್ಣವಿಲ್ಲದ ಪಾರದರ್ಶಕ ತುಂಡು, ಹೀಗೆ ಐದು ತುಂಡುಗಳು ಸಾಲಾಗಿ ಬರುತ್ತವೆ. ಐದರ ಒಂದು ಕಂತು ಒಂದು ಕಾರ್ಡಿಗೆ. ಮೊದಲ ಮೂರು ಬಣ್ಣಗಳು ಶಾಖಕ್ಕೆ ಆವಿಯಾಗಿ ಪಿವಿಸಿ ಒಳಗೆ ಇಳಿಯುತ್ತವೆ. ಫೋಟೋ ಮೂಡುವುದು ಇವುಗಳಿಂದ. ಕಪ್ಪು ಹಾಗಲ್ಲ, ಅದು ರಾಳದ ಪದರ, ಕಾರ್ಡಿನ ಮೇಲೆ ಅಂಟಿಕೊಳ್ಳುತ್ತದೆ. ಅಕ್ಷರ, ಬಾರ್‌ಕೋಡ್ ಚೂಪಾಗಿ ಕಾಣುವುದು ಅದರಿಂದಲೇ. ಕೊನೆಯ ಪಾರದರ್ಶಕ ಪದರ ಬಿಸಿಲು, ಬೆವರು, ಉಜ್ಜುವಿಕೆಯಿಂದ ಕಾಪಾಡುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಪ್ರಿಂಟ್ ಹೆಡ್ ಇರುವುದು ಒಂದೇ. ಆದ್ದರಿಂದ ಕಾರ್ಡ್ ಅದರ ಕೆಳಗೆ ಐದು ಸಲ ಹಾದು ಹೋಗುತ್ತದೆ. ಒಂದು ಬಣ್ಣ ಮುಗಿದ ಮೇಲೆ ರೋಲರ್ ಅದನ್ನು ಹಿಂದಕ್ಕೆ ಎಳೆದು, ಮತ್ತೆ ಅದೇ ಜಾಗದಿಂದ ಶುರು ಮಾಡುತ್ತದೆ. ಕಾರ್ಡ್ ಒಂದು ಸಲವೂ ಜಾರಬಾರದು. ಮುಂದೆ ಬರುವ ಎಷ್ಟೋ ತೊಂದರೆಗಳ ಬೇರು ಈ ಹೋಗಿಬರುವ ಓಡಾಟದಲ್ಲೇ ಇರುತ್ತದೆ.

ಯಂತ್ರಕ್ಕೆ ಜಾಗ

ಅಲುಗಾಡದ ಮೇಜು, ಧೂಳು ಕಡಿಮೆ ಇರುವ ಕೋಣೆ ಬೇಕು. ಶಾಲೆಯಲ್ಲಾದರೆ ಬೋರ್ಡಿನ ಪಕ್ಕ ಬೇಡವೇ ಬೇಡ, ಸೀಮೆಸುಣ್ಣದ ಪುಡಿ ಈ ಯಂತ್ರಕ್ಕೆ ದೊಡ್ಡ ಶತ್ರು. ಕಾರ್ಡಿನ ಮೇಲೆ ಒಂದು ಕಣ ಕೂತರೂ ಅಲ್ಲಿ ಬಣ್ಣ ಇಳಿಯುವುದಿಲ್ಲ, ಬಿಳಿ ಚುಕ್ಕೆ ಉಳಿಯುತ್ತದೆ. ಆ ಚುಕ್ಕೆ ಮಗುವಿನ ಮುಖದ ಮೇಲೆ ಬಿದ್ದರೆ ಕಾರ್ಡ್ ಹೋಯಿತು. ನೇರ ಬಿಸಿಲು ಬೀಳುವ ಕಿಟಕಿ, ತಲೆಯ ಮೇಲೇ ತಿರುಗುವ ಫ್ಯಾನ್ ಎರಡನ್ನೂ ತಪ್ಪಿಸಿ. ಕಾರ್ಡ್ ಹಾಕಲು, ತೆಗೆಯಲು, ಮುಚ್ಚಳ ಪೂರ್ತಿ ತೆರೆಯಲು ಸುತ್ತ ಜಾಗ ಬಿಡಿ. ಯುಪಿಎಸ್ ಇದ್ದರೆ ಒಳ್ಳೆಯದು. ಮಧ್ಯದಲ್ಲಿ ಕರೆಂಟ್ ಹೋದರೆ ಆ ಕಾರ್ಡೂ ಆ ಕಂತಿನ ರಿಬ್ಬನ್ನೂ ಎರಡೂ ನಷ್ಟ.

ಪೆಟ್ಟಿಗೆ ಬಿಚ್ಚಿದ ಮೇಲೆ ಒಳಗಿನ ಟೇಪ್, ಫೋಮ್ ತುಂಡು ಒಂದನ್ನೂ ಬಿಡದೆ ತೆಗೆಯಿರಿ. ಹಲವು ಯಂತ್ರಗಳಲ್ಲಿ ಕಾರ್ಡಿನ ಧೂಳು ಹೀರುವ ಅಂಟಿನ ಚಿಕ್ಕ ರೋಲರ್ ಇರುತ್ತದೆ. ಅದು ಬೇರೆ ಪೊಟ್ಟಣದಲ್ಲಿ ಬರಬಹುದು, ಮೇಲೆ ರಕ್ಷಣೆಯ ಕಾಗದ ಸುತ್ತಿರಬಹುದು. ಕಾಗದ ಬಿಡಿಸಿ, ಎರಡು ತುದಿ ಮಾತ್ರ ಹಿಡಿದು ಜಾಗಕ್ಕೆ ಕೂರಿಸಿ. ಇದನ್ನು ಮರೆತರೂ ಪ್ರಿಂಟರ್ ಓಡುತ್ತದೆ. ಆದರೆ ಚುಕ್ಕೆಗಳು ಕಾಡುತ್ತವೆ.

ಯುಎಸ್‌ಬಿ ಕೇಬಲ್ ಈಗಲೇ ಚುಚ್ಚಬೇಡಿ. ಮೊದಲು ಕಂಪನಿಯ ಡ್ರೈವರ್ ಹಾಕಿ, ಅದು ಕೇಳಿದಾಗ ಜೋಡಿಸಿ. ಮೊದಲೇ ಜೋಡಿಸಿದರೆ ವಿಂಡೋಸ್ ತನ್ನದೇ ಯಾವುದೋ ಡ್ರೈವರ್ ಹಾಕಿಕೊಳ್ಳಬಹುದು. ಆಮೇಲೆ ರಿಬ್ಬನ್ ಬಗೆ, ಕಾರ್ಡಿನ ಅಂಚಿನ ಹೊಂದಾಣಿಕೆ ಇಂಥ ಆಯ್ಕೆಗಳೇ ಕಾಣುವುದಿಲ್ಲ.

ರಿಬ್ಬನ್ ಹಾಕುವುದು

ಕೈ ತೊಳೆದು ಒರೆಸಿಕೊಳ್ಳಿ. ಉಂಗುರ, ವಾಚ್ ಇದ್ದರೆ ತೆಗೆದಿಡಿ. ಪ್ರಿಂಟ್ ಹೆಡ್ ಹಲವು ಮಾದರಿಗಳಲ್ಲಿ ಮುಚ್ಚಳದ ಒಳಬದಿಯಲ್ಲೇ ಇರುತ್ತದೆ. ತೆರೆದಾಗ ಕೈಗೆ ತಾಗುವಷ್ಟು ಹತ್ತಿರ. ಅದರ ಅಂಚಿನ ಉದ್ದಕ್ಕೂ ಕಣ್ಣಿಗೆ ಕಾಣದಷ್ಟು ಚಿಕ್ಕ ಬಿಸಿ ಬಿಂದುಗಳ ಸಾಲು ಇದೆ. ಬೆರಳಿನ ಜಿಡ್ಡು ಸಾಕು ಅದನ್ನು ಕೆಡಿಸಲು, ಲೋಹ ತಾಗಿದರಂತೂ ಗೀರು ಬಿದ್ದು ಶಾಶ್ವತ ಗೆರೆ. ಇಡೀ ಯಂತ್ರದಲ್ಲಿ ಬಹಳ ದುಬಾರಿ ಭಾಗ ಅದೇ.

ರಿಬ್ಬನ್ನಿಗೆ ಎರಡು ಉರುಳೆ. ಒಂದರಲ್ಲಿ ಹೊಸ ರಿಬ್ಬನ್ ದಪ್ಪಗೆ ಸುತ್ತಿರುತ್ತದೆ, ಇನ್ನೊಂದು ಬಹುತೇಕ ಖಾಲಿ. ಬಳಸಿದ್ದು ಬಂದು ಸುತ್ತಿಕೊಳ್ಳುವುದು ಖಾಲಿ ಉರುಳೆಗೆ. ಕೆಲವು ಯಂತ್ರಗಳಲ್ಲಿ ಇವೆರಡೂ ಒಂದೇ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಬರುತ್ತವೆ, ಹಾಗೇ ಕೆಳಗಿಳಿಸಿದರೆ ಮುಗಿಯಿತು. ಬಿಡಿ ಉರುಳೆಗಳಾದರೆ ಯಾವುದು ಹಿಂದೆ, ಯಾವುದು ಮುಂದೆ ಎಂದು ಯಂತ್ರದ ಒಳಗೇ ಚಿತ್ರ ಅಥವಾ ಬಣ್ಣದ ಗುರುತು ಇರುತ್ತದೆ. ಅದನ್ನೇ ನಂಬಿ. ಇನ್ನೊಂದು ಕಂಪನಿಯ ಯಂತ್ರದ ವಿಡಿಯೋ ನೋಡಿ ಹಾಕಬೇಡಿ, ದಿಕ್ಕು ಬೇರೆ ಇರಬಹುದು.

ಉರುಳೆಯ ಎರಡು ತುದಿ ಒಂದೇ ತರಹ ಇರುವುದಿಲ್ಲ. ಹಲ್ಲು ಅಥವಾ ಕಚ್ಚು ಇರುವ ತುದಿ ಯಂತ್ರದ ಗೇರಿಗೆ ಕೂರಬೇಕು. ಮೊದಲು ಸ್ಪ್ರಿಂಗ್ ಇರುವ ಬದಿಗೆ ಒತ್ತಿ, ಆಮೇಲೆ ಇನ್ನೊಂದು ಬದಿ ಇಳಿಸಿ. ಸರಿಯಾಗಿ ಕೂತರೆ ಸಣ್ಣ ಟಕ್ ಶಬ್ದ ಬರುತ್ತದೆ. ಎರಡೂ ಉರುಳೆ ಒಂದಕ್ಕೊಂದು ಸಮಾನಾಂತರವಾಗಿ ಕಾಣಬೇಕು. ಒಂದು ತುದಿ ಕೂದಲೆಳೆಯಷ್ಟು ಮೇಲಿದ್ದರೂ ರಿಬ್ಬನ್ ಒಂದು ಕಡೆಗೆ ಎಳೆಯುತ್ತದೆ. ಕಾರ್ಡಿನ ಮೇಲೆ ಓರೆ ಸುಕ್ಕಿನ ಗೆರೆಗಳು ಬರುವುದು ಹೀಗೆ.

ಈಗ ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ. ಮುಚ್ಚಳ ಹಾಕುವ ಮೊದಲು, ಬಳಸಿದ್ದು ಸುತ್ತಿಕೊಳ್ಳುವ ಉರುಳೆಯನ್ನು ಬೆರಳಿನಿಂದ ನಿಧಾನಕ್ಕೆ ತಿರುಗಿಸಿ ಸಡಿಲ ತೆಗೆಯಿರಿ. ನಡುವಿನ ಹಾಳೆ ಸುಕ್ಕಿಲ್ಲದೆ ಚಪ್ಪಟೆಯಾಗಿ ನಿಲ್ಲಬೇಕು, ಹಾಗಂತ ತಂತಿಯ ಹಾಗೆ ಬಿಗಿಯಾಗಬಾರದು. ರಿಬ್ಬನ್ ಹಾದುಹೋಗಬೇಕಾದ್ದು ಪ್ರಿಂಟ್ ಹೆಡ್ಡಿನ ಮತ್ತು ಕಾರ್ಡಿನ ನಡುವೆ. ಅದು ಒಮ್ಮೆ ಕಣ್ಣಿಗೆ ಕಂಡರೆ ಮುಚ್ಚಳ ಒತ್ತಿ. ಯಂತ್ರ ತಾನೇ ರಿಬ್ಬನ್ ಸ್ವಲ್ಪ ಓಡಿಸಿ, ಹಳದಿ ತುಂಡಿನ ಆರಂಭ ಹುಡುಕಿ ನಿಲ್ಲುತ್ತದೆ.

ಈಗಿನ ಬಹಳಷ್ಟು ರಿಬ್ಬನ್ನುಗಳಲ್ಲಿ ಗುರುತಿನ ಚಿಪ್ ಇದೆ, ಹಾಕಿದ ಕೂಡಲೇ ಡ್ರೈವರಿನಲ್ಲಿ ಬಗೆ ತಾನೇ ಕಾಣುತ್ತದೆ. ಹಾಗೆ ಕಾಣದಿದ್ದರೆ ಡ್ರೈವರಿನಲ್ಲಿ YMCKO ಎಂದು ನೀವೇ ಆರಿಸಬೇಕು. ಕಡಿಮೆ ಬೆಲೆಗೆ ಸಿಗುವ ಅರ್ಧ ತುಂಡಿನ ರಿಬ್ಬನ್ ಬೇರೆ. ಅದರಲ್ಲಿ ಮೂರು ಬಣ್ಣಗಳು ಅರ್ಧ ಕಾರ್ಡಿಗೆ ಮಾತ್ರ ಸಾಕಾಗುತ್ತವೆ. ಫೋಟೋ ಒಂದು ಬದಿಗಿದ್ದು ಉಳಿದದ್ದು ಕಪ್ಪು ಅಕ್ಷರವೇ ಆದರೆ ಅದು ಲಾಭ. ಇಡೀ ಕಾರ್ಡಿಗೆ ಬಣ್ಣದ ಹಿನ್ನೆಲೆ ಇದ್ದರೆ ನಡೆಯುವುದಿಲ್ಲ.

ಲೆಕ್ಕ ಹಾಕುವಾಗ ಒಂದು ಮಾತು. ಕಾರ್ಡಿನಲ್ಲಿ ಬರೀ ಒಂದು ಸಾಲು ಅಕ್ಷರ ಇದ್ದರೂ ಐದು ತುಂಡುಗಳ ಪೂರ್ತಿ ಕಂತು ಮುಂದೆ ಹೋಗುತ್ತದೆ. 200 ಮುದ್ರಣದ ರಿಬ್ಬನ್ನಿನಲ್ಲಿ 200 ಮಕ್ಕಳ ಕಾರ್ಡ್ ಮುಗಿಸುತ್ತೇನೆ ಎಂದು ಹೊರಟರೆ ಪರೀಕ್ಷೆಯ ಕಾರ್ಡಿಗೆ, ಹಾಳಾದದ್ದಕ್ಕೆ ಏನೂ ಉಳಿಯುವುದಿಲ್ಲ.

ಕಾರ್ಡ್ ತುಂಬುವುದು

ಐಡಿ ಕಾರ್ಡಿನ ಸಾಮಾನ್ಯ ಅಳತೆ ಸಿಆರ್80, ಅಂದರೆ 85.6 ಮಿಲಿಮೀಟರ್ ಉದ್ದ, 53.98 ಮಿಲಿಮೀಟರ್ ಅಗಲ, ದಪ್ಪ 0.76 ಮಿಲಿಮೀಟರ್. ಎಟಿಎಂ ಕಾರ್ಡಿನ ಅಳತೆಯೂ ಇದೇ. ಕೊಳ್ಳುವಾಗ ಅಂಗಡಿಯವರಿಗೆ ರಿಬ್ಬನ್ ಪ್ರಿಂಟರಿನ ಕಾರ್ಡ್ ಎಂದು ಬಿಡಿಸಿ ಹೇಳಿ. ಇಂಕ್‌ಜೆಟ್ ಪಿವಿಸಿ ಕಾರ್ಡಿನ ಮೇಲೆ ಶಾಯಿ ಹೀರುವ ಲೇಪನ ಇರುತ್ತದೆ. ಇಲ್ಲಿ ಅದನ್ನು ಹಾಕಿದರೆ ಬಣ್ಣ ಸರಿಯಾಗಿ ಇಳಿಯುವುದಿಲ್ಲ, ರಿಬ್ಬನ್ ಅಂಟಿಕೊಂಡು ಹರಿಯಲೂಬಹುದು. ನೋಡಲು ಎರಡೂ ಬಿಳಿಯೇ, ಅದಕ್ಕೇ ಎಡವಟ್ಟಾಗುತ್ತದೆ.

ಕಾರ್ಡ್ ಕಟ್ಟನ್ನು ಅಂಚಿನಲ್ಲಿ ಹಿಡಿದು ಇಸ್ಪೀಟೆಲೆಯಂತೆ ಬೀಸಣಿಗೆ ಮಾಡಿ ಬಿಡಿಸಿ. ಸ್ಥಾಯಿ ವಿದ್ಯುತ್ತಿನಿಂದ ಒಂದಕ್ಕೊಂದು ಅಂಟಿಕೊಂಡದ್ದು ಬಿಡುತ್ತದೆ. ಮುಖದ ಮೇಲೆ ಬೆರಳಿಡಬೇಡಿ. ಆಮೇಲೆ ಕಟ್ಟನ್ನು ಮೇಜಿನ ಮೇಲೆ ತಟ್ಟಿ ನಾಲ್ಕು ಅಂಚು ಸಮ ಮಾಡಿ, ಫೀಡರಿನ ಗೋಡೆಗೆ ತಾಗುವಂತೆ ಕೂರಿಸಿ. ಕೆಲವು ಮಾದರಿಗಳಲ್ಲಿ ಕಾರ್ಡಿನ ದಪ್ಪಕ್ಕೆ ತಕ್ಕಂತೆ ಸರಿಸುವ ಚಿಕ್ಕ ಕಡ್ಡಿ ಇರುತ್ತದೆ. ಅದನ್ನು ಕಾರ್ಡಿನ ದಪ್ಪಕ್ಕೆ ಹೊಂದಿಸಿ. ಸಂದು ಜಾಸ್ತಿಯಾದರೆ ಎರಡೆರಡು ಕಾರ್ಡ್ ಒಟ್ಟಿಗೆ ಹೋಗುತ್ತವೆ, ಕಡಿಮೆಯಾದರೆ ಒಂದೂ ಹೋಗುವುದಿಲ್ಲ.

ಕೊರಳ ಪಟ್ಟಿಗೆ ಬೇಕಾದ ಉದ್ದ ತೂತನ್ನು ಮುದ್ರಿಸಿದ ಮೇಲೆ ಪಂಚ್ ಮಾಡಿ. ಮೊದಲೇ ತೂತಿರುವ ಕಾರ್ಡಿನ ಅಂಚು ಹೆಡ್ಡನ್ನು ಕೆರೆಯುತ್ತದೆ.

ಡ್ರೈವರ್ ಮತ್ತು ವಿನ್ಯಾಸ

300 ಡಿಪಿಐ ಯಂತ್ರಕ್ಕೆ ಸಿಆರ್80 ಕಾರ್ಡ್ ಎಂದರೆ ಸುಮಾರು 1011 × 638 ಪಿಕ್ಸೆಲ್. ಪುಟದ ಅಳತೆಯನ್ನು ಎ4 ಬಿಟ್ಟು ಕಾರ್ಡಿನ ಅಳತೆಗೆ ತನ್ನಿ. ಪಿಡಿಎಫ್‌ನಿಂದ ಮುದ್ರಿಸುವುದಾದರೆ `Actual size` ಆರಿಸಿ. `Fit` ಇದ್ದರೆ ಚಿತ್ರ ಸದ್ದಿಲ್ಲದೆ ಕುಗ್ಗುತ್ತದೆ. ಆಗ ನೀವು ಅಂಚಿನ ಹೊಂದಾಣಿಕೆ ಎಷ್ಟೇ ತಿರುಗಿಸಿದರೂ ಸರಿಹೋಗುವುದಿಲ್ಲ.

ಕಪ್ಪು ಅಕ್ಷರದ ವಿಷಯ ಬಹಳ ಮುಖ್ಯ. ರಾಳದ ಕಪ್ಪು ತುಂಡು ಬಳಕೆಯಾಗಬೇಕಾದರೆ ಡ್ರೈವರಿಗೆ ಅದು ಶುದ್ಧ ಕಪ್ಪು ಎಂದು ತಿಳಿಯಬೇಕು, ಅಂದರೆ ಆರ್‌ಜಿಬಿಯಲ್ಲಿ 0, 0, 0. ಕೋರಲ್‌ಡ್ರಾದಲ್ಲಿ ಸಿಎಂವೈಕೆ ಕಪ್ಪು ಹಾಕಿದರೆ ಅದು ಆರ್‌ಜಿಬಿಗೆ ಬದಲಾಗುವಾಗ ಕಡು ಬೂದು ಆಗಿಬಿಡಬಹುದು. ಆಗ ಮೂರು ಬಣ್ಣ ಬೆರೆಸಿ ಕಪ್ಪಿನಂತೆ ತೋರಿಸುತ್ತದೆ. ಅಕ್ಷರದ ಅಂಚು ಮಸುಕಾಗುತ್ತದೆ. ಕನ್ನಡಕ್ಕೆ ಇದರಿಂದ ಹೆಚ್ಚು ಪೆಟ್ಟು, ಯಾಕೆಂದರೆ ಒತ್ತಕ್ಷರ ಚಿಕ್ಕದು. ಲಕ್ಷ್ಮಿ, ಜ್ಯೋತ್ಸ್ನಾ ಇಂಥ ಹೆಸರಿನ ಒತ್ತುಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಇಡೀ ಕಾರ್ಡನ್ನು ಒಂದೇ ಜೆಪಿಜಿ ಮಾಡಿ ಕಳಿಸಿದರೂ ಇದೇ ಗತಿ. ಅಕ್ಷರವನ್ನು ಅಕ್ಷರವಾಗಿಯೇ ಉಳಿಸಿ, ಪಿಡಿಎಫ್ ಮಾಡುವಾಗ ಫಾಂಟ್ ಒಳಸೇರಿಸಿ. ಬಾರ್‌ಕೋಡ್ ಇದ್ದರೆ ಅದೂ ಶುದ್ಧ ಕಪ್ಪೇ ಆಗಲಿ. ಬಣ್ಣ ಬೆರೆಸಿದ ಕಪ್ಪು ಕಣ್ಣಿಗೆ ಕಾಣುತ್ತದೆ, ಆದರೆ ಇನ್‌ಫ್ರಾರೆಡ್ ಬೆಳಕಿನ ಸ್ಕ್ಯಾನರಿಗೆ ಕಾಣುವುದಿಲ್ಲ.

ಅಂಚಿನ ಹೊಂದಾಣಿಕೆ: ಮೊದಲು ಅಳೆಯಿರಿ

ಕಾರ್ಡ್ ಅಳತೆಯ ಪುಟದಲ್ಲಿ ನಾಲ್ಕೂ ಅಂಚಿನಿಂದ ಸರಿಯಾಗಿ 3 ಮಿಲಿಮೀಟರ್ ಒಳಗೆ ತೆಳು ಕಪ್ಪು ಗೆರೆಯ ಚೌಕಟ್ಟು ಬರೆಯಿರಿ. ನಡುವೆ ಒಂದು ಕೂಡುಗುರುತು ಹಾಕಿ. ಒಂದು ಬದಿಗೆ ಚಿಕ್ಕ ಬಣ್ಣದ ಫೋಟೋ ಇಡಿ. ಇದನ್ನು ಮುದ್ರಿಸಿ, ಕಾರ್ಡಿನ ಅಂಚಿನಿಂದ ಗೆರೆಗೆ ಇರುವ ದೂರವನ್ನು ಸ್ಟೀಲ್ ಸ್ಕೇಲಿನಲ್ಲಿ ನಾಲ್ಕೂ ಬದಿ ಅಳೆದು ಬರೆದುಕೊಳ್ಳಿ.

ಎಡಕ್ಕೆ 4, ಬಲಕ್ಕೆ 2, ಮೇಲೆ 3, ಕೆಳಗೆ 3 ಬಂತು ಅನ್ನಿ. ಎಡ ಬಲ ಕೂಡಿದರೆ 6. ಇರಬೇಕಾದ್ದೂ 6. ಅಂದರೆ ಚಿತ್ರದ ಗಾತ್ರ ಸರಿಯಿದೆ, ಜಾಗ ಮಾತ್ರ ಬಲಕ್ಕೆ ಸರಿದಿದೆ. ಎಷ್ಟು ಸರಿದಿದೆ? ಎರಡರ ವ್ಯತ್ಯಾಸ 2, ಅದರ ಅರ್ಧ 1 ಮಿಲಿಮೀಟರ್. 300 ಡಿಪಿಐನಲ್ಲಿ 1 ಮಿಲಿಮೀಟರ್ ಅಂದರೆ ಹತ್ತಿರ ಹತ್ತಿರ 12 ಚುಕ್ಕೆ. ಡ್ರೈವರಿನ `Offset` ಜಾಗದಲ್ಲಿ ಅಡ್ಡ ದಿಕ್ಕಿಗೆ -12 ಹಾಕಿ ಮತ್ತೆ ಒಂದು ಕಾರ್ಡ್ ಮುದ್ರಿಸಿ. ಅಲ್ಲಿ ಅಳತೆ ಮಿಲಿಮೀಟರಿನಲ್ಲಿ ಕೇಳಿದರೆ -1. ಚಿತ್ರ ಇನ್ನೂ ಬಲಕ್ಕೇ ಹೋದರೆ ಆ ಯಂತ್ರದಲ್ಲಿ ಚಿಹ್ನೆ ತಿರುಗುಮುರುಗು ಇದೆ ಅಷ್ಟೇ, +12 ಹಾಕಿ.

ಒಂದು ಸಲಕ್ಕೆ ಒಂದೇ ದಿಕ್ಕು ಬದಲಿಸಿ. ಉದ್ದುದ್ದ ನಿಲ್ಲುವ ಕಾರ್ಡಿನಲ್ಲಿ ಯಂತ್ರದ ಅಡ್ಡ ದಿಕ್ಕು ನಿಮ್ಮ ಕಣ್ಣಿಗೆ ಮೇಲೆ ಕೆಳಗೆ ಆಗಿರುತ್ತದೆ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದು ಯಾವುದನ್ನು ಸರಿಸಿತು ಎಂದು ಗೊತ್ತಾಗದೆ ಕಾರ್ಡ್ ಮೇಲೆ ಕಾರ್ಡ್ ಹಾಳಾಗುತ್ತದೆ. ಸಿಕ್ಕಿದ ಅಂಕಿಯನ್ನು ಬರೆದು ಯಂತ್ರದ ಪಕ್ಕ ಅಂಟಿಸಿಡಿ. ಬೇರೆ ಕಂಪ್ಯೂಟರಿಗೆ ಜೋಡಿಸಿದಾಗ ಮತ್ತೆ ಬೇಕಾಗುತ್ತದೆ.

ಈಗ ಎಡಕ್ಕೆ 4, ಬಲಕ್ಕೂ 4 ಬಂದರೆ? ಕೂಡಿದರೆ 8. ಇದು ಸರಿದದ್ದಲ್ಲ, ಕುಗ್ಗಿದ್ದು. ಪುಟದ ಅಳತೆ, `Actual size` ಕಡೆಗೆ ವಾಪಸ್ ಹೋಗಿ, `Offset` ಮುಟ್ಟಬೇಡಿ.

ಎಡಗೆರೆ ಮೇಲ್ತುದಿಯಲ್ಲಿ 3, ಕೆಳತುದಿಯಲ್ಲಿ 3.6 ಬಂದರೆ ಚಿತ್ರ ಓರೆಯಾಗಿದೆ. ಇದನ್ನು ಸರಿಮಾಡುವ ಯಾವ ಅಂಕಿಯೂ ಡ್ರೈವರಿನಲ್ಲಿ ಇಲ್ಲ. ಕಾರ್ಡೇ ಓರೆಯಾಗಿ ಒಳಗೆ ಹೋಗುತ್ತಿದೆ. ಫೀಡರಿನಲ್ಲಿ ಕಟ್ಟು ಗೋಡೆಗೆ ತಾಗಿದೆಯಾ, ಕಾರ್ಡ್ ಬಾಗಿದೆಯಾ, ಅಂಚಿನಲ್ಲಿ ಕತ್ತರಿಸಿದ ಜುಂಗು ಉಳಿದಿದೆಯಾ, ರೋಲರಿನ ಒಂದು ಬದಿ ಕೊಳೆಯಾಗಿದೆಯಾ ನೋಡಿ.

ಕೊನೆಯದಾಗಿ ಫೋಟೋ ನೋಡಿ. ಚೌಕಟ್ಟು ಸರಿಯಾದ ಜಾಗದಲ್ಲೇ ಇದ್ದು, ಮುಖದ ಅಂಚಿನಲ್ಲಿ ಮಾತ್ರ ಕೆಂಪು ಅಥವಾ ನೀಲಿ ನೆರಳು ಕಂಡರೆ ಬಣ್ಣಗಳು ಒಂದರ ಮೇಲೊಂದು ಕೂತಿಲ್ಲ ಎಂದರ್ಥ. ಐದು ಸಲದ ಓಡಾಟದಲ್ಲಿ ಕಾರ್ಡ್ ಜಾರುತ್ತಿದೆ. ಕಾರಣ ಹೆಚ್ಚಾಗಿ ರೋಲರಿಗೆ ಹಿಡಿದ ಜಿಡ್ಡು, ಧೂಳು. ಪ್ರಿಂಟರಿನ ಜೊತೆ ಬಂದ ಸ್ವಚ್ಛತೆಯ ಕಾರ್ಡ್ ಓಡಿಸಿ. ಪ್ರತಿ ಸಲ ರಿಬ್ಬನ್ ಬದಲಿಸುವಾಗ ಈ ಕಾರ್ಡ್ ಓಡಿಸುವ ಅಭ್ಯಾಸ ಇದ್ದರೆ ಈ ತೊಂದರೆ ಅಪರೂಪ.

ಅಂಚಿನ ಬಗ್ಗೆ ಅತಿ ಆಸೆ ಬೇಡ. ನೇರವಾಗಿ ಮುದ್ರಿಸುವ ಯಂತ್ರಗಳಲ್ಲಿ ಸುತ್ತ ಕೂದಲೆಳೆಯಷ್ಟು ಬಿಳಿ ಉಳಿಯುವುದು ಸಹಜ. ಅದನ್ನೂ ತುಂಬಿಸಲು ಚಿತ್ರವನ್ನು ಅಂಚಿನಾಚೆ ತಳ್ಳಿದರೆ ಬಿಸಿ ಹೆಡ್ ಕಾರ್ಡಿಲ್ಲದ ಜಾಗದಲ್ಲಿ ರಿಬ್ಬನ್ ಸುಡುತ್ತದೆ, ರಿಬ್ಬನ್ ತುಂಡಾಗುತ್ತದೆ. ಅಂಚಿಗೆ ತಾಗುವ ಗೆರೆಯ ಚೌಕಟ್ಟು ಇಡಲೇಬೇಡಿ, ಒಂದಿಷ್ಟು ಸರಿದರೂ ಕಣ್ಣಿಗೆ ಹೊಡೆಯುತ್ತದೆ. ಹೆಸರು, ಫೋಟೋ ಎಲ್ಲ 3 ಮಿಲಿಮೀಟರ್ ಒಳಗಿರಲಿ. ಪಂಚ್ ಮಾಡುವ ತೂತಿಗೂ ಮೇಲೆ ಜಾಗ ಬಿಡಿ.

ಕೆಲಸದ ನಡುವೆ ಏನಾದರೂ ಆದರೆ

ಕಾರ್ಡ್ ಸಾಗುವ ದಿಕ್ಕಿನಲ್ಲಿ ಉದ್ದಕ್ಕೂ, ಪ್ರತಿ ಕಾರ್ಡಿನಲ್ಲೂ ಅದೇ ಜಾಗದಲ್ಲಿ ಬಿಳಿ ಗೆರೆ ಬಂದರೆ ಅದು ಹೆಡ್ಡಿನದು. ಯಂತ್ರ ಆರಿಸಿ, ತಣ್ಣಗಾಗಲು ಬಿಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ತುಂಬಿದ, ಹೆಡ್ಡಿಗೆಂದೇ ಇರುವ ಕಡ್ಡಿಯಿಂದ ಅಂಚನ್ನು ಮೆಲ್ಲಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಶುರು ಮಾಡಿ. ಆಮೇಲೂ ಗೆರೆ ಅಲ್ಲೇ ಇದ್ದರೆ ಒಂದು ಬಿಂದು ಸತ್ತಿದೆ. ಹೆಡ್ ಬದಲಿಸುವುದೊಂದೇ ದಾರಿ.

ರಿಬ್ಬನ್ ಹರಿದರೆ ಎಸೆಯಬೇಕಿಲ್ಲ. ಎರಡು ಉರುಳೆ ಹೊರತೆಗೆದು, ಹರಿದ ತುದಿಗಳನ್ನು ತೆಳು ಪಾರದರ್ಶಕ ಟೇಪಿನಿಂದ ನೇರವಾಗಿ ಜೋಡಿಸಿ. ಟೇಪ್ ಹಾಕಿದ ಜಾಗ ಪೂರ್ತಿ ಒಳಗೆ ಹೋಗುವವರೆಗೆ ಬಳಸಿದ ಬದಿಯ ಉರುಳೆ ತಿರುಗಿಸಿ. ಟೇಪ್ ಹೆಡ್ಡಿನ ಕೆಳಗೆ ಬರಬಾರದು. ಒಂದೆರಡು ಕಂತು ಹೋಗುತ್ತದೆ, ಉಳಿದದ್ದು ಉಳಿಯುತ್ತದೆ. ಕಾರ್ಡ್ ಸಿಕ್ಕಿಕೊಂಡರೆ ಚಿಮುಟದಿಂದ ಎಳೆಯದೆ, ಮೊದಲು ಯಂತ್ರದ ಬಟನ್ ಅಥವಾ ಡ್ರೈವರಿನಿಂದ ಹೊರಹಾಕಿಸಿ. ಅರ್ಧ ಮುದ್ರಿಸಿದ ಕಾರ್ಡನ್ನು ಮತ್ತೆ ಫೀಡರಿಗೆ ಹಾಕಬೇಡಿ, ಅದರ ಮೇಲೆ ರಿಬ್ಬನ್ ಅಂಟಿಕೊಳ್ಳುತ್ತದೆ.

ಇನ್ನೊಂದು, ಮುಗಿದ ರಿಬ್ಬನ್ ಸುರುಳಿ. ಅದನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪು ತುಂಡುಗಳಲ್ಲಿ ಪ್ರತಿ ಮಗುವಿನ ಹೆಸರು, ಅಪ್ಪ ಅಮ್ಮನ ಫೋನ್ ನಂಬರ್, ವಿಳಾಸ ಕೊರೆದ ಹಾಗೆ ಸ್ಪಷ್ಟವಾಗಿ ಉಳಿದಿರುತ್ತದೆ. ಬಣ್ಣದ ತುಂಡುಗಳಲ್ಲಿ ಮುಖಗಳು ಕಾಣುತ್ತವೆ. ಇದನ್ನು ಹಾಗೇ ಕಸದ ಬುಟ್ಟಿಗೆ ಹಾಕಿದರೆ ಇಡೀ ಶಾಲೆಯ ಪಟ್ಟಿಯನ್ನು ಬೀದಿಗೆ ಇಟ್ಟಂತೆ. ಸುರುಳಿಯನ್ನು ಉರುಳೆಯ ಮೇಲೆ ಇರುವಾಗಲೇ ಹರಿತವಾದ ಬ್ಲೇಡಿನಿಂದ ಉದ್ದಕ್ಕೆ ನಾಲ್ಕಾರು ಕಡೆ ತಳದವರೆಗೆ ಸೀಳಿ. ಬಿದ್ದ ಪಟ್ಟಿಗಳನ್ನು ಕತ್ತರಿಯಿಂದ ಅಡ್ಡಡ್ಡ ಇನ್ನಷ್ಟು ಚಿಕ್ಕದಾಗಿ ತುಂಡರಿಸಿ. ಹಾಳಾದ ಕಾರ್ಡುಗಳನ್ನೂ ಫೋಟೋ ಮತ್ತು ನಂಬರ್ ಮೇಲೆ ಹಾದುಹೋಗುವಂತೆ ಕತ್ತರಿಸಿ ಹಾಕಿ. ಅಂಗಡಿಯವರಿಗೆ ಕೆಲಸ ಕೊಟ್ಟಿದ್ದರೆ, ಕಾರ್ಡಿನ ಜೊತೆ ಬಳಸಿದ ರಿಬ್ಬನ್ನನ್ನೂ ಕೇಳಿ ತೆಗೆದುಕೊಳ್ಳಿ.